ಅರ್ಧ ವ್ಯಾಪ್ತಿಯಲ್ಲಿ ಸೈನ್ ಬರೆಯಬೇಕೋ, ಕೊಸೈನ್ ಬರೆಯಬೇಕೋ?

ಪ್ರಶ್ನೆ: f(x) = x ಅಂತ 0 ಇಂದ π ವರೆಗೆ ಮಾತ್ರ ಕೊಟ್ಟಿದ್ದಾರೆ. ಇದಕ್ಕೆ ಸೈನ್, ಕೊಸೈನ್ ಎರಡೂ ಫೂರಿಯೇ ಸರಣಿ ಹೇಗೆ ಸರಿ ಆಗುತ್ತವೆ?

ಎರಡೂ ಸರಿ, ಯಾಕೆಂದರೆ −π ಇಂದ 0 ವರೆಗಿನ ಭಾಗವನ್ನು ಯಾರೂ ಕೊಟ್ಟಿಲ್ಲ, ಅದನ್ನು ತುಂಬುವವರು ನೀವೇ. ತಿರುವುಮುರುವಾಗಿ, ಅಂದರೆ f(−x) = −f(x) ಎಂದು ತುಂಬಿದರೆ ಸೈನ್ ಮಾತ್ರ ಉಳಿಯುತ್ತದೆ. ಕನ್ನಡಿಯಲ್ಲಿ ಕಂಡ ಹಾಗೆ ತುಂಬಿದರೆ ಕೊಸೈನ್. ಲೆಕ್ಕ ಮಾಡಿದರೆ ಹೀಗೆ ಬರುತ್ತದೆ:

x = 2(sin x − sin 2x/2 + sin 3x/3 − …)

x = π/2 − (4/π)(cos x + cos 3x/9 + cos 5x/25 + …)

ಈಗ ಎರಡರಲ್ಲೂ x = π ಹಾಕಿ ನೋಡಿ. ಧಾರವಾಡದಲ್ಲಿ ಟ್ಯೂಷನ್ ಹೇಳುವಾಗ ನಾನು ಮೊದಲು ಮಾಡಿಸುವುದೇ ಇದನ್ನು. ಸೈನ್ ಸರಣಿ ಸೊನ್ನೆ ಕೊಡುತ್ತದೆ, ಎಷ್ಟು ಪದ ಸೇರಿಸಿದರೂ ಅಷ್ಟೇ! ತಿರುವುಮುರುವಾಗಿ ತುಂಬಿ 2π ಅವಧಿಗೆ ಮುಂದುವರಿಸಿದಾಗ ಗೆರೆ ಅಲ್ಲಿ π ಇಂದ −π ಗೆ ದಿಢೀರ್ ಬೀಳುತ್ತದೆ, ಸರಣಿ ಎರಡರ ನಡುವಿನ ಬೆಲೆ ಹಿಡಿಯುತ್ತದೆ. ಅದರ ಪಕ್ಕದಲ್ಲೇ ಮೊತ್ತ ಸುಮಾರು 3.70 ವರೆಗೆ ಮೇಲೇಳುತ್ತದೆ, ಪದ ಜಾಸ್ತಿ ಮಾಡಿದರೆ ಆ ಉಬ್ಬು ಅಂಚಿನ ಕಡೆ ಸರಿಯುತ್ತದೆಯೇ ಹೊರತು ತಗ್ಗುವುದಿಲ್ಲ. ಕೊಸೈನ್‌ನಲ್ಲಿ ಜಿಗಿತವಿಲ್ಲ, ಬರೀ ಮೂಲೆ. ಅದಕ್ಕೇ ಗುಣಾಂಕ 1/n² ವೇಗದಲ್ಲಿ ಕುಗ್ಗುತ್ತದೆ, cos 3x ವರೆಗೆ ತೆಗೆದುಕೊಂಡರೇ 2.99 ಸಿಗುತ್ತದೆ.

ಹಾಗಂತ ಯಾವಾಗಲೂ ಕೊಸೈನ್ ಹಾಕಬೇಡಿ. ಶಾಖ ಹರಿಯುವ ಲೆಕ್ಕದಲ್ಲಿ ಕಬ್ಬಿಣದ ಸರಳಿನ ಎರಡೂ ತುದಿಯನ್ನು 0 ಡಿಗ್ರಿಯಲ್ಲಿ ಇಟ್ಟಿದ್ದರೆ ಸೈನೇ ಬೇಕು, ತುದಿಗಳಿಂದ ಶಾಖ ಹೊರಹೋಗದಂತೆ ಮುಚ್ಚಿದ್ದರೆ ಕೊಸೈನ್.