ಶಾಫ್ಟ್‌ನೊಳಗಿನ ಸಂದು: ಫೋಮ್ ಹೊಡೆದರೆ ಬೆಂಕಿ ನಿಂತೀತೇ?

ಪ್ರಶ್ನೆ: ನಮ್ಮದು ಬಿಜೈಯಲ್ಲಿ ಒಂಬತ್ತು ಮಹಡಿಯ ಅಪಾರ್ಟ್‌ಮೆಂಟ್. ನೀರು ಸೋರುತ್ತಿದೆಯೆಂದು ಪ್ಲಂಬಿಂಗ್ ಶಾಫ್ಟ್ ತೆರೆಸಿದಾಗ ಪ್ರತಿ ಸ್ಲ್ಯಾಬಿನಲ್ಲೂ ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು ಕಂಡಿತು. ಕೆಲವು ಕಡೆ ಹಳದಿ ಫೋಮ್ ಇದೆ, ಕೆಲವು ಕಡೆ ಸಿಮೆಂಟ್ ಮೆತ್ತಿದ್ದಾರೆ. ಬೆಂಕಿಯ ದೃಷ್ಟಿಯಿಂದ ಎಲ್ಲ ಕಡೆ ಫೋಮ್ ಹೊಡೆದರೆ ಸಾಕು ಎಂದು ನಮ್ಮ ಪ್ಲಂಬರ್ ಹೇಳುತ್ತಾರೆ. ಫೋಟೋಗಳನ್ನು ಕಳಿಸಿದ್ದೇನೆ. ಸಾಕೇ?
ನಿವಾಸಿಗಳ ಸಂಘದ ಕಾರ್ಯದರ್ಶಿ, ಮಂಗಳೂರು

ಉತ್ತರ: ಸಾಲದು. ಫೋಮ್ ಮಾತ್ರವಲ್ಲ, ನಿಮ್ಮ ಶಾಫ್ಟ್‌ನಲ್ಲಿ ಸಿಮೆಂಟ್ ಮೆತ್ತಿರುವ ಜಾಗಗಳೂ ಸಾಲವು. ನಿಮ್ಮ ಫೋಟೋಗಳಲ್ಲಿ ಕಾಣುವ ದೊಡ್ಡ ಪೈಪುಗಳು ಶೌಚದ ನೀರು ಹರಿಯುವ 110 ಮಿ.ಮೀ. ಯುಪಿವಿಸಿ ಸಾಯಿಲ್ ಪೈಪುಗಳು. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗಲು ತೊಡಗುತ್ತದೆ. ಹೊತ್ತಿ ಉರಿಯುವ ಕೋಣೆಯ ಶಾಖದ ಮುಂದೆ ಅದು ಏನೂ ಅಲ್ಲ. ಆದುದರಿಂದ ಕೆಳಗಿನ ಮಹಡಿಯಲ್ಲಿ ಬೆಂಕಿ ಬಿದ್ದರೆ ಸುತ್ತಲಿನ ಸಂದು ಎಷ್ಟೇ ಭದ್ರವಾಗಿ ಮುಚ್ಚಿದ್ದರೂ ಕೆಲವೇ ನಿಮಿಷಗಳಲ್ಲಿ ಪೈಪೇ ಕರಗಿ ಬಾಗಿ ಜಾರಿಹೋಗುತ್ತದೆ, ಅದು ನಿಂತಿದ್ದ ಜಾಗದಲ್ಲಿ ಸುಮಾರು 95 ಚದರ ಸೆಂಟಿಮೀಟರಿನ ದುಂಡನೆಯ ತೂತು ಉಳಿಯುತ್ತದೆ. ಸಿಮೆಂಟು ಆ ತೂತಿನ ಅಂಚನ್ನು ಅಚ್ಚುಕಟ್ಟಾಗಿ ಕಾಪಾಡುತ್ತದೆ, ಅಷ್ಟೆ. ಹಾಗಾಗಿ ನೀವು ಮುಚ್ಚಬೇಕಾದದ್ದು ಇಂದು ಕಾಣುವ ಸಂದನ್ನಷ್ಟೇ ಅಲ್ಲ, ಬೆಂಕಿ ಬಿದ್ದ ಮೇಲೆ ಕಾಣಿಸಿಕೊಳ್ಳುವ ತೂತನ್ನು.

ಇನ್ನು ಆ ಹಳದಿ ಫೋಮ್. ಕಿಟಕಿ ಬಾಗಿಲಿನ ಚೌಕಟ್ಟಿನ ಸುತ್ತ ಹೊಡೆಯುವ ಸಾಮಾನ್ಯ ಪಿಯು ಫೋಮ್ ತಾನೇ ಉರಿಯುವ ವಸ್ತು, ದಟ್ಟವಾದ ವಿಷಪೂರಿತ ಹೊಗೆಯನ್ನೂ ಬಿಡುತ್ತದೆ. ‘ಫೈರ್ ರೇಟೆಡ್’ ಎಂದು ಬರೆದ ಗುಲಾಬಿ ಬಣ್ಣದ ಫೋಮ್ ಕೂಡ ಸಿಗುತ್ತದೆ, ಅದನ್ನೇ ತರಿಸುತ್ತೇನೆ ಎಂದು ನಿಮ್ಮ ಪ್ಲಂಬರ್ ನಾಳೆ ಹೇಳಬಹುದು. ಅಂತಹ ಫೋಮ್‌ಗಳ ಪರೀಕ್ಷೆ ಬಹುಮಟ್ಟಿಗೆ ಎರಡು ಗೋಡೆಗಳ ನಡುವಿನ ಕಿರಿದಾದ ಉದ್ದನೆಯ ಸಂದುಗಳಿಗಾಗಿ ನಡೆದಿರುತ್ತದೆ. ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕ ಆ ಸಂದಿನದು, 110 ಮಿ.ಮೀ. ಪೈಪಿನದಲ್ಲ.

ಪ್ಲಾಸ್ಟಿಕ್ ಪೈಪಿಗೆ ಬೇಕಾದದ್ದು ಫೈರ್ ಕಾಲರ್. ಅದು ಪೈಪಿನ ಸುತ್ತ ಕೂರುವ ಉಕ್ಕಿನ ಬಳೆ. ಒಳಮೈಯಲ್ಲಿ ಗ್ರಾಫೈಟ್ ಬೆರೆಸಿದ ಕಪ್ಪು ಪಟ್ಟಿ ಇರುತ್ತದೆ. ಶಾಖ ಸುಮಾರು 200 ಡಿಗ್ರಿಯ ಆಸುಪಾಸಿಗೆ ಏರಿದಾಗ ಆ ಪಟ್ಟಿ ತನ್ನ ಮೊದಲಿನ ಗಾತ್ರದ ಹಲವು ಪಟ್ಟು ಉಬ್ಬುತ್ತದೆ. ಹೊರಗೆ ಉಕ್ಕಿನ ಬಳೆ ತಡೆದಿರುವುದರಿಂದ ಉಬ್ಬು ಒಳಮುಖವಾಗಿಯೇ ನುಗ್ಗಿ, ಮೆತ್ತಗಾದ ಪೈಪನ್ನು ಹಿಸುಕಿ, ತೂತನ್ನು ಗಟ್ಟಿಯಾದ ಇದ್ದಲಿನಂಥ ಬಿರಡೆಯಿಂದ ಮುಚ್ಚಿಬಿಡುತ್ತದೆ. ಪೈಪಿನ ಮೆತುತನವನ್ನೇ ಬಳಸಿಕೊಳ್ಳುವ ಉಪಾಯ ಇದು. ಎರಕದ ಕಬ್ಬಿಣದ ಪೈಪಿಗೆ ಇದೇ ಕಾಲರ್ ತೊಡಿಸಿದರೆ ಹಿಸುಕಲು ಏನೂ ಸಿಗದು.

ಈಗ ನಿಮ್ಮ ಐದನೇ ಮಹಡಿಯ ಫೋಟೋವನ್ನೇ ತೆಗೆದುಕೊಳ್ಳೋಣ. ಅಲ್ಲಿ 110 ಮಿ.ಮೀ. ಪೈಪಿನ ಹೊರಗೆ ಬೂದು ಬಣ್ಣದ ಇನ್ನೊಂದು ಉಂಗುರ ಕಾಣುತ್ತದೆ. ಸ್ಲ್ಯಾಬ್ ಎರಕ ಹಾಕುವಾಗ ತೂತಿಗಾಗಿ ಇಟ್ಟ 160 ಮಿ.ಮೀ. ಪಿವಿಸಿ ಪೈಪಿನ ತುಂಡು ಅದು, ಅಂದರೆ ಸ್ಲೀವ್. ಸ್ಲೀವ್ ಇಟ್ಟದ್ದು ಒಳ್ಳೆಯ ಕೆಲಸವೇ. ಅದಿಲ್ಲದಿದ್ದರೆ ಮುಂದೆ ಪೈಪು ಬದಲಿಸಲು ಸ್ಲ್ಯಾಬ್ ಒಡೆಯಬೇಕು, ಕೋರ್ ಕಟಿಂಗ್‌ನಲ್ಲಿ ಕಂಬಿ ತುಂಡಾಗುವ ಅಪಾಯ ಬೇರೆ. ಪೈಪು ಹಿಗ್ಗಿ ಕುಗ್ಗಲೂ ಅದರಿಂದ ಎಡೆ ಸಿಗುತ್ತದೆ: ಮೂರು ಮೀಟರ್ ಉದ್ದದ ಪಿವಿಸಿ ಪೈಪು 30 ಡಿಗ್ರಿ ಬಿಸಿಯೇರಿದರೆ ಐದಾರು ಮಿಲಿಮೀಟರ್ ಬೆಳೆಯುತ್ತದೆ, ಅದನ್ನು ಕಾಂಕ್ರೀಟಿನಲ್ಲಿ ಬಿಗಿಯಾಗಿ ಹೂತರೆ ಜಾಯಿಂಟಿನಲ್ಲಿ ಬಿರುಕು ಬಿಡುತ್ತದೆ. ಆದರೆ ಪ್ಲಾಸ್ಟಿಕ್ ಸ್ಲೀವ್ ಬೆಂಕಿಯಲ್ಲಿ ಪೈಪಿನ ಜೊತೆಗೇ ಕರಗುತ್ತದೆ. 110ರ ಅಳತೆಯ ಕಾಲರನ್ನು ಅದರ ಕೆಳಗೆ ಕಟ್ಟಿದಿರೆಂದುಕೊಳ್ಳಿ; ಕಾಲರ್ ಪೈಪನ್ನು ಹಿಸುಕಿ ಮುಚ್ಚುತ್ತದೆ, ಹೊರಗಿನ ಸ್ಲೀವಿನ ಜಾಗ ಉಂಗುರದಂತೆ ತೆರೆದು ಹೊಗೆಗೆ ದಾರಿಯಾಗುತ್ತದೆ. ಕಾಲರ್ ಹಾಕಿಸಿ ನಿಶ್ಚಿಂತೆಯಿಂದಿರುವ ಎಷ್ಟೋ ಕಟ್ಟಡಗಳಲ್ಲಿ ನಾನು ಕಂಡ ತಪ್ಪು ಇದೇ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಮೊದಲು ಹಳೆಯ ಫೋಮನ್ನು ಚೂರೂ ಉಳಿಯದಂತೆ ಕೆರೆದು ತೆಗೆಯಬೇಕು. ಸ್ಲೀವನ್ನು ಉದ್ದಕ್ಕೆ ಸೀಳಿ, ಪಟ್ಟಿ ಪಟ್ಟಿಯಾಗಿ ಎಬ್ಬಿಸಿ ತೆಗೆಯುವುದು ಉತ್ತಮ. ತಾಳ್ಮೆ ಬೇಡುವ ಕೆಲಸ, ಒಳಪೈಪಿಗೆ ಗೀರು ಬೀಳಬಾರದು. ತೆಗೆಯಲು ಆಗದಿದ್ದರೆ, ಪ್ಲಾಸ್ಟಿಕ್ ಸ್ಲೀವ್ ಇರುವಾಗಲೇ ಪರೀಕ್ಷೆ ಮಾಡಿದ ಕಾಲರನ್ನು ತಯಾರಕರಿಂದ ಕೇಳಿ ತರಿಸಬೇಕು. ಸ್ಲೀವ್ ತೆಗೆದ ಮೇಲೆ, ತಯಾರಕರ ನಕ್ಷೆ ಒಪ್ಪುವುದಾದರೆ, ಪೈಪು ಹಿಗ್ಗಿ ಕುಗ್ಗಲು ಎಡೆ ಉಳಿಯುವಂತೆ ಅದಕ್ಕೆ ತೆಳುವಾದ ಹಾಳೆ ಸುತ್ತಿ, ಉಳಿದ ಸಂದನ್ನು ಸ್ಲ್ಯಾಬಿನ ಪೂರ್ತಿ ದಪ್ಪಕ್ಕೆ ಕುಗ್ಗದ ಗಾರೆಯಿಂದ ತುಂಬಬೇಕು. ಮೇಲೊಂದು ತಟ್ಟು ಕೆಳಗೊಂದು ತಟ್ಟು ಮೆತ್ತಿ ನಡುವೆ ಪೊಳ್ಳು ಬಿಡುವುದು ನಮ್ಮಲ್ಲಿ ವಾಡಿಕೆ. ಗಾರೆ ಗಟ್ಟಿಯಾದ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಸದ್ದೇ ಅದನ್ನು ಹೇಳುತ್ತದೆ. ಆಮೇಲೆ ಸ್ಲ್ಯಾಬಿನ ಕೆಳಮೈಗೆ ಕಾಲರ್. ಸ್ಲ್ಯಾಬಿಗೆ ಬೆಂಕಿ ತಾಗುವುದು ಕೆಳಗಿನಿಂದಾದ್ದರಿಂದ ಕೆಳಗೆ ಒಂದು ಸಾಕು.

ಕಾಲರಿನ ಕಿವಿಗಳ ಬೋಲ್ಟುಗಳು ಹೊಸ ಗಾರೆಯಲ್ಲಲ್ಲ, ಸ್ಲ್ಯಾಬಿನ ಹಳೆಯ ಗಟ್ಟಿ ಕಾಂಕ್ರೀಟಿನಲ್ಲಿ ಕೂರಬೇಕು, ಮತ್ತು ಅವು ಉಕ್ಕಿನ ಆ್ಯಂಕರ್‌ಗಳೇ ಆಗಿರಬೇಕು. ಪ್ಲಾಸ್ಟಿಕ್ ಪ್ಲಗ್ಗಿಗೆ ಸ್ಕ್ರೂ ತಿರುಗಿಸಿ ಕೂರಿಸಿದ ಕಾಲರ್, ಪಟ್ಟಿ ಉಬ್ಬುವ ಹೊತ್ತಿಗೆ ಪ್ಲಗ್ ಕರಗಿ ಕೆಳಗೆ ಬಿದ್ದಿರುತ್ತದೆ. ಕಾಲರ್ ನೇರವಾದ ಪೈಪಿನ ಮೇಲೆ ಬರಬೇಕೇ ಹೊರತು ಎರಡು ಪೈಪುಗಳನ್ನು ಕೂಡಿಸುವ ಕಪ್ಲರಿನ ಮೇಲಲ್ಲ, ಏಕೆಂದರೆ ಅಲ್ಲಿ ಪ್ಲಾಸ್ಟಿಕ್ಕಿನ ದಪ್ಪ ಎರಡು ಪಟ್ಟಾಗಿ ಹಿಸುಕಲು ತಡವಾಗುತ್ತದೆ. ನಿಮ್ಮ ಒಂದು ಫೋಟೋದಲ್ಲಿ ಕಪ್ಲರ್ ಸ್ಲ್ಯಾಬಿಗೆ ಅಂಟಿಕೊಂಡೇ ಇದೆ. ಅಲ್ಲಿ ಪೈಪನ್ನು ತುಂಡರಿಸಿ ಕಪ್ಲರನ್ನು ಕೆಳಗಿಳಿಸದೆ ವಿಧಿಯಿಲ್ಲ.

ಗೋಡೆಯ ವಿಷಯ ಬೇರೆ. ಬೆಂಕಿ ಯಾವ ಕಡೆಯಿಂದಲೂ ಬರಬಹುದಾದ್ದರಿಂದ ಎರಡೂ ಬದಿಗೆ ಕಾಲರ್ ಬೇಕು. ನಮ್ಮ ಜಿಲ್ಲೆಗಳಲ್ಲಿ ಶಾಫ್ಟಿನ ಗೋಡೆ ಎಷ್ಟೋ ಕಡೆ ಮುರಕಲ್ಲಿನದು. ಮುರಕಲ್ಲಿನ ರಂಧ್ರಗಳಲ್ಲಿ ಆ್ಯಂಕರ್ ಹಿಡಿಯುವುದಿಲ್ಲ. ಕೈಯಲ್ಲಿ ಎಳೆದರೆ ಪುಡಿಯ ಸಮೇತ ಈಚೆಗೆ ಬರುತ್ತದೆ. ಅಲ್ಲಿ ಪೈಪಿನ ಸುತ್ತಲಿನ ಕಲ್ಲನ್ನು ಬಿಡಿಸಿ ಒಂದು ಚೌಕ ಕಾಂಕ್ರೀಟ್ ಎರಕ ಹಾಕುವುದು, ಇಲ್ಲವೇ ಎರಡು ಬದಿಯ ಕಾಲರುಗಳನ್ನು ಗೋಡೆಯ ಆಚೀಚೆ ಹಾಯುವ ಉಕ್ಕಿನ ಥ್ರೆಡೆಡ್ ರಾಡಿನಿಂದ ಒಂದಕ್ಕೊಂದು ಬಿಗಿಯುವುದು, ಇವೆರಡೇ ನಂಬಬಹುದಾದ ದಾರಿ.

ನಿಮ್ಮ ಶಾಫ್ಟ್‌ನಲ್ಲಿ ಎರಕದ ಕಬ್ಬಿಣದ ಹಳೆಯ ಪೈಪೂ ಒಂದು ಇದೆ. ಅದು ಕರಗದು, ಸಂದಿಗೆ ಕಲ್ಲಿನ ಎಳೆಗಳ ಉಣ್ಣೆಯಾದ ರಾಕ್‌ವೂಲ್ ಒತ್ತಿ ತುಂಬಿ ಮೇಲೆ ಫೈರ್ ಸೀಲಂಟ್ ಹಚ್ಚಿದರೆ ಸಾಕು. ಗ್ಲಾಸ್‌ವೂಲ್ ಬೇಡ, ಅದು ರಾಕ್‌ವೂಲಿಗಿಂತ ಬಹಳ ಬೇಗ ಕರಗಿ ಕುಸಿಯುತ್ತದೆ. ಆದರೆ ಏಳನೇ ಮಹಡಿಯಲ್ಲಿ ಆ ಕಬ್ಬಿಣದ ಪೈಪಿನ ತೂತು ಬಿದ್ದ ಭಾಗವನ್ನು ಕೊಯ್ದು ಪಿವಿಸಿ ತುಂಡು ಜೋಡಿಸಿದ್ದಾರೆ. ಆ ತುಂಡು ಸ್ಲ್ಯಾಬನ್ನು ದಾಟುತ್ತಿದ್ದರೆ ಅಲ್ಲಿಗೆ ಕಾಲರೇ ಬೇಕು. ಎಸಿಯ ತಾಮ್ರದ ಪೈಪುಗಳ ಕಥೆಯೂ ಇಂಥದ್ದೇ: ತಾಮ್ರ ನಿಲ್ಲುತ್ತದೆ, ಅದಕ್ಕೆ ಸುತ್ತಿದ ಕಪ್ಪು ರಬ್ಬರ್ ಕವಚ ಉರಿದು ಸಂದು ಬೀಳುತ್ತದೆ. ಅದಕ್ಕೆ ಉಬ್ಬುವ ಪಟ್ಟಿಯನ್ನೇ ಸುತ್ತಿ ಸೀಲಂಟ್ ಹಚ್ಚುವ ಪದ್ಧತಿ ಇದೆ.

ಇವೆಲ್ಲ ಬೇಕೇ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ: 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿ ಎಂದು ಪರಿಗಣಿಸುತ್ತದೆ, ನಿಮ್ಮದು ಅದನ್ನು ಎಂದೋ ದಾಟಿದೆ. ಗೋಡೆ ಅಥವಾ ಸ್ಲ್ಯಾಬ್ ಎಷ್ಟು ಹೊತ್ತು ಬೆಂಕಿ ತಡೆಯಬೇಕೋ ಅಷ್ಟೇ ಹೊತ್ತು ಅದರೊಳಗಿನ ಪೈಪಿನ ತೂತೂ ತಡೆಯಬೇಕೆಂಬುದು ಈ ಕೆಲಸದ ಮೂಲ ನಿಯಮ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ನಡೆದ ದುರಂತದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ಮೇಲಿನ ಮಹಡಿಗಳವರನ್ನು ಕಂಗೆಡಿಸಿದ್ದು ಜ್ವಾಲೆಗಿಂತ ಮೊದಲು ಹೊಗೆ.

ಆದರೆ ಒಂದು ಮಿತಿಯನ್ನೂ ಹೇಳಬೇಕು. ನಿಮ್ಮದು ಮಹಡಿ ಮಹಡಿಗೂ ಸ್ಲ್ಯಾಬ್ ಇರುವ ಒಳಶಾಫ್ಟ್, ಆದುದರಿಂದ ಮೇಲೆ ಹೇಳಿದ್ದು ಸಾರ್ಥಕ. ನಿಮ್ಮ ಪಕ್ಕದ ಕಟ್ಟಡದಂತೆ ಬಚ್ಚಲಿನ ವೆಂಟಿಲೇಟರುಗಳೆಲ್ಲ ಬಾಯಿ ತೆರೆದಿರುವ, ಕೆಳಗಿನಿಂದ ಆಕಾಶದವರೆಗೆ ತೆರೆದ ಡಕ್ಟ್ ಆಗಿದ್ದರೆ ಪೈಪಿಗೆ ಮಾತ್ರ ಕಾಲರ್ ಹಾಕಿ ಹೆಚ್ಚಿನ ಪ್ರಯೋಜನವಿಲ್ಲ.

ಗುತ್ತಿಗೆದಾರರಿಂದ ದರಪಟ್ಟಿ ತರಿಸುವಾಗ ಪರೀಕ್ಷಾ ವರದಿಯನ್ನೂ ಕೇಳಿ. ಇಂಥ ಬೆಂಕಿತಡೆಗಳ, ಅಂದರೆ ಫೈರ್ ಸ್ಟಾಪ್‌ಗಳ ಪರೀಕ್ಷೆಗೆ ಭಾರತೀಯ ಮಾನಕ ಐಎಸ್ 12458 ಇದೆ. ವರದಿಯಲ್ಲಿ ‘ಎರಡು ಗಂಟೆ’ ಎಂಬ ಮಾತನ್ನಷ್ಟೇ ನೋಡದೆ, ಪೈಪು ಯಾವ ವಸ್ತುವಿನದು, ವ್ಯಾಸ ಎಷ್ಟು, ಸ್ಲ್ಯಾಬ್ ಎಷ್ಟು ದಪ್ಪ, ಸಂದು ಎಷ್ಟು ಅಗಲ ಎಂಬ ನಾಲ್ಕನ್ನು ನಿಮ್ಮ ಶಾಫ್ಟ್‌ನೊಂದಿಗೆ ತಾಳೆ ನೋಡಿ.

ಕೊನೆಯದಾಗಿ ಮಳೆ. ಬೆಂಕಿ ತಡೆಯುವ ಅಕ್ರಿಲಿಕ್ ಸೀಲಂಟ್ ನೀರು ತಡೆಯುವ ವಸ್ತುವಲ್ಲ. ಮೇಲಿನಿಂದ ಸತತ ನೀರು ಬಿದ್ದರೆ ತೊಳೆದು ಹೋಗುತ್ತದೆ. ಹಾಗಾಗಿ ನೀವು ಶಾಫ್ಟ್ ತೆರೆಸಿದ ಮೂಲ ಕಾರಣವಾದ ಸೋರಿಕೆ ಮೊದಲು ನಿಲ್ಲಲಿ, ಬಚ್ಚಲಿನ ವಾಟರ್‌ಪ್ರೂಫಿಂಗ್ ಮೇಲಿನಿಂದ ಮುಗಿಯಲಿ, ಆಮೇಲೆ ಕೆಳಗಿನಿಂದ ಈ ಕೆಲಸ ಹಿಡಿಯಿರಿ. ತೇವ ಬರುವ ಕಡೆ ಸಿಲಿಕೋನ್ ಆಧಾರದ ಫೈರ್ ಸೀಲಂಟನ್ನೇ ಕೇಳಿ. ಉಪ್ಪುಗಾಳಿಗೆ ಅಗ್ಗದ ಲೇಪನದ ಕಾಲರ್ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದು ಸಿಕ್ಕರೆ ಲೇಸು. ಪ್ರತಿ ತೂತಿಗೂ ಒಂದು ಸಂಖ್ಯೆ ಬರೆಸಿ, ಮುಚ್ಚುವ ಮೊದಲು ಮತ್ತು ನಂತರ ಫೋಟೋ ತೆಗೆಸಿ ಸಂಘದ ಕಡತದಲ್ಲಿಡಿ. ಮುಂದಿನ ವರ್ಷ ಇಂಟರ್ನೆಟ್ ಕೇಬಲ್ ಎಳೆಯಲು ಬಂದವನು ನಾಲ್ಕನೇ ಮಹಡಿಯಲ್ಲಿ ಹೊಸದೊಂದು ತೂತು ಕೊರೆದು ಹೋದರೆ, ಸಂಖ್ಯೆ ಇಲ್ಲದ ತೂತು ಅದೊಂದೇ ಆಗಿರುತ್ತದೆ.