ಲ್ಯಾಬ್ ಪರೀಕ್ಷೆಯ ವೈವಾ: ಯಾರು ಕೇಳುತ್ತಾರೆ, ಯಾವಾಗ ಕರೆಯುತ್ತಾರೆ

ಪ್ರಶ್ನೆ: ಮಂಗಳೂರಲ್ಲಿ ವಿಟಿಯು ಇಂಜಿನಿಯರಿಂಗ್ ಓದ್ತಾ ಇದ್ದೇನೆ, 2022ರ ಸ್ಕೀಮ್. ಡೇಟಾ ಸ್ಟ್ರಕ್ಚರ್ ಲ್ಯಾಬ್ ವೈವಾಗೆ ಯಾರು ಕೂರ್ತಾರೆ, ಎಷ್ಟು ಮಾರ್ಕ್ಸ್? ನನ್ನ ನಂಬರ್ ಕೊನೆಗೆ, ನನ್ನನ್ನು ಕೊನೆಗೇ ಕರೀತಾರಾ?

ಇಲ್ಲಿನ ಕಾಲೇಜೊಂದರಲ್ಲಿ ಕೆಲವು ವರ್ಷ ಎಕ್ಸಾಮಿನರ್ ಆಗಿ ಕೂತಿದ್ದೇನೆ, ಹೇಳ್ತೇನೆ.

ಇಬ್ಬರು ಎಕ್ಸಾಮಿನರ್ ಇರುತ್ತಾರೆ. ಇಬ್ಬರೂ ನಿಮ್ಮ ಕಾಲೇಜಿನವರೇ, ಪ್ರಿನ್ಸಿಪಾಲ್ ನೇಮಿಸಿದವರು. ಹೊರಗಿನ ಊರಿಂದ ಯಾರೋ ಬಂದು ಹೆದರಿಸುತ್ತಾರೆ ಅನ್ನುವ ಸೀನಿಯರ್‌ಗಳ ಕತೆ ಹಳೇ ಸ್ಕೀಮಿನದ್ದು.

ಅಂಕ ಒಟ್ಟು 100. ಸಾಮಾನ್ಯವಾಗಿ ಬರವಣಿಗೆಗೆ 20, ಪ್ರೋಗ್ರಾಮ್ ಓಡಿಸಿ ಔಟ್‌ಪುಟ್ ತೋರಿಸುವುದಕ್ಕೆ 60, ವೈವಾಗೆ 20. ಇದನ್ನು ಆಮೇಲೆ 50ಕ್ಕೆ ಇಳಿಸುತ್ತಾರೆ. ಪಾಸಾಗಲು ಆ 50ರಲ್ಲಿ 18 ಬೇಕು. ಅಂದರೆ ವೈವಾದಲ್ಲಿ ತಡವರಿಸಿದರೆ ಮುಳುಗುವುದಿಲ್ಲ, ಪ್ರೋಗ್ರಾಮ್ ಓಡದಿದ್ದರೆ ಮುಳುಗುತ್ತೀರಿ.

ಇನ್ನು ಸರದಿ. ಯಾವ ಬ್ಯಾಚ್ ಅನ್ನುವುದು ಮಾತ್ರ ಯುಎಸ್‌ಎನ್ ಪ್ರಕಾರ, ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ. ಒಳಗೆ ಹೋದ ಮೇಲೆ ಚೀಟಿ ಎತ್ತುತ್ತೀರಿ, ಬರೆದು ತೋರಿಸುತ್ತೀರಿ, ಆಮೇಲೆ ಕಂಪ್ಯೂಟರ್ ಮುಂದೆ ಕೂರುತ್ತೀರಿ. ವೈವಾಗೆ ನಾನು ನಂಬರ್ ನೋಡಿ ಕರೆದದ್ದೇ ಇಲ್ಲ. ಯಾರ ಔಟ್‌ಪುಟ್ ಬಂತೋ ಅವರ ಹತ್ತಿರ ಹೋಗಿ ಅಲ್ಲೇ ಕೇಳುವುದು. ಪ್ರಶ್ನೆಯೂ ಪರದೆಯ ಮೇಲಿರುವ ಪ್ರೋಗ್ರಾಮಿನಿಂದಲೇ ಹುಟ್ಟುತ್ತದೆ. ಹಾಗಾಗಿ ಬೆಳಗ್ಗಿನ ಬ್ಯಾಚಿನವರಿಗೆ ಏನು ಕೇಳಿದರು ಅಂತ ಕಾರಿಡಾರಿನಲ್ಲಿ ವಿಚಾರಿಸಿ ದೊಡ್ಡ ಲಾಭ ಇಲ್ಲ ಮಾರಾಯ್ರೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಚೀಟಿಯಲ್ಲಿ ಇನ್‌ಫಿಕ್ಸ್‌ನಿಂದ ಪೋಸ್ಟ್‌ಫಿಕ್ಸ್ ಬಂತು. ಅರ್ಧ ಬರೆದು ನಿಂತುಬಿಟ್ಟ. ಹಾಗೇ ಎಳೆದಿದ್ದರೆ ಬರವಣಿಗೆಗೆ 8, ಓಡಿಸಿದ್ದಕ್ಕೆ 15, ವೈವಾಗೆ 10, ಅಂತೂ 33. ಇಳಿಸಿದರೆ 16.5, ಫೇಲ್. ಪ್ರಶ್ನೆ ಬದಲಿಸಲು ಒಂದೇ ಒಂದು ಸಲ ಅವಕಾಶ ಇದೆ, ಆದರೆ ಪ್ರೊಸೀಜರ್‌ಗೆ ಇಟ್ಟ 15 ಅಂಕ ಸೊನ್ನೆಯಾಗುತ್ತದೆ. ಅವನು ಬೇಗ ಬದಲಿಸಿದ, ಲಿಂಕ್ಡ್ ಲಿಸ್ಟ್ ಸಿಕ್ಕಿತು. ಬರವಣಿಗೆಗೆ ಉಳಿದ 5ರಲ್ಲಿ 4, ಓಡಿಸಿದ್ದಕ್ಕೆ 46, ವೈವಾಗೆ 14. ಒಟ್ಟು 64, ಇಳಿಸಿದರೆ 32. ಸಮಯ ಎರಡು ಗಂಟೆಯಷ್ಟೇ ಇರುವಾಗ, ಒಂದು ಗಂಟೆ ಒದ್ದಾಡಿ ಆಮೇಲೆ ಬದಲಿಸಿದ್ದರೆ ಆ 46 ಬರುತ್ತಿರಲಿಲ್ಲ.

ವೈವಾದಲ್ಲಿ ಅವನಿಗೆ ಕೇಳಿದ್ದು ಇಷ್ಟೇ: ಮೊದಲ ನೋಡ್ ತೆಗೆದರೆ ಹೆಡ್ ಎಲ್ಲಿಗೆ ಹೋಗುತ್ತದೆ, ಲಿಸ್ಟ್ ಖಾಲಿ ಇದ್ದರೆ ನಿನ್ನ ಕೋಡ್ ಏನು ಮಾಡುತ್ತದೆ? ಎರಡನೆಯದಕ್ಕೆ ಸುಮ್ನೆ ನಿಂತ. ಓಡಿಸಿ ನೋಡು ಅಂದೆ. ಪ್ರೋಗ್ರಾಮ್ ಕ್ರ್ಯಾಶ್ ಆಯಿತು, ಅವನೇ ನಕ್ಕು ಕಾರಣ ಹೇಳಿದ. ಇಂಗ್ಲಿಷ್ ಅಲ್ಲ, ಅರ್ಧ ಕನ್ನಡ ಅರ್ಧ ತುಳುವಿನಲ್ಲಿ. ಆ ಉತ್ತರಕ್ಕೆ ನಾನು ಅಂಕ ಕಡಿಮೆ ಮಾಡಲಿಲ್ಲ.