ಅಂಕಪಟ್ಟಿಯ ಅನುವಾದ: ದರ್ಜೆಗೆ ಕೈ ಹಚ್ಚಬ್ಯಾಡ್ರಿ

«ಧಾರವಾಡದಾಗ ಬಿ.ಎ. ಮುಗಿಸೇನಿ, ಶೇ. 62. ಜರ್ಮನಿಗೆ ಅರ್ಜಿ ಹಾಕಬೇಕು. ‘ಪ್ರಥಮ ದರ್ಜೆ’, ‘ಐಚ್ಛಿಕ ಕನ್ನಡ’ ಇಂಗ್ಲಿಷಿಗೆ ಹ್ಯಾಂಗ ತರಬೇಕು? ಅಂಕಾನ ಅವರ ಗ್ರೇಡಿಗೆ ಬದಲಿಸಲೇನು?»

ಬದಲಿಸಬ್ಯಾಡ್ರಿ. ‘ಪ್ರಥಮ ದರ್ಜೆ’ ಅಂದ್ರ ‘ಫಸ್ಟ್ ಕ್ಲಾಸ್’, ಅಷ್ಟೇ. ‘ಫಸ್ಟ್ ಗ್ರೇಡ್’ ಅಂತ ಬರದ್ರ ಅಲ್ಲಿ ಒಂದನೇ ಇಯತ್ತೆ ಅಂತ ತಿಳಕೊಂಡಾರು!

ಗ್ರೇಡ್ ಲೆಕ್ಕ ಅವರೇ ಹಾಕ್ತಾರ. ಅಲ್ಲಿ 1 ಅತ್ಯುತ್ತಮ, 4 ಅಂದ್ರ ಬರೇ ಪಾಸು. ಬಹಳ ಕಡೆ ಬಳಸೋ ಸೂತ್ರ ಇದು:

```
1 + 3 × (ಗರಿಷ್ಠ − ನಿಮ್ಮ ಅಂಕ) ÷ (ಗರಿಷ್ಠ − ಪಾಸ್ ಅಂಕ)
```

ನಿಮ್ಮ 62ಕ್ಕ, ಪಾಸ್ ಅಂಕ 40 ಇದ್ರ 2.9 ಬರ್ತದ, 35 ಇದ್ರ ಸುಮಾರು 2.75. ಅದಕ್ಕ ಅಂಕಪಟ್ಟಿ ಹಿಂದಿನ ಸಣ್ಣ ಅಕ್ಷರದ ನಿಯಮ, ಕನಿಷ್ಠ ಅಂಕ, ದರ್ಜೆಯ ಮಿತಿ ಎಲ್ಲಾ ಅನುವಾದದಾಗ ಬರಬೇಕು. ಮುಂದಿನ ಬದಿ ಅಷ್ಟೇ ಅನುವಾದ ಮಾಡಿ ಕೈತೊಳಕೊಳ್ಳೋರೇ ಹೆಚ್ಚು.

‘ಐಚ್ಛಿಕ ಕನ್ನಡ’ ಖರೇ ಕಠಿಣ. ‘ಆಪ್ಷನಲ್ ಕನ್ನಡ’ ಅಂದ್ರ ಹೊರಗಿನವರಿಗೆ ಬೇಕಾದ್ರ ಓದೋ ಹೆಚ್ಚುವರಿ ವಿಷಯ ಅನ್ನಿಸ್ತದ, ಆದ್ರ ಅದು ನಿಮ್ಮ ಮುಖ್ಯ ವಿಷಯ. ಹಂಗಂತ ‘ಮೇಜರ್’ ಅಂತ ತಿದ್ದಬ್ಯಾಡ್ರಿ, ಮೂಲದ ಹೆಸರಿಗೆ ತಾಳೆ ಆಗಂಗಿಲ್ಲ. ಹೆಸರು ಹಂಗೇ ಇಟ್ಟು, ಇದು ಪದವಿಯ ಮುಖ್ಯ ವಿಷಯಗಳಲ್ಲೊಂದು, ‘ಆವಶ್ಯಕ ಕನ್ನಡ’ದ ಭಾಷಾ ಪತ್ರಿಕೆ ಬ್ಯಾರೆ ಅಂತ ಅನುವಾದಕರ ಟಿಪ್ಪಣಿ ಹಾಕಸ್ರಿ. ಪಠ್ಯವಿವರದಾಗ ‘ವಚನ’, ‘ರಗಳೆ’ ಹಂಗೇ ಬರದು, ಪಕ್ಕಕ್ಕ ಒಂದು ಸಾಲಿನ ವಿವರಣೆ ಕೊಟ್ರ ಸಾಕು.

ಪತ್ರಿಕೆಯ ಹೆಸರು ಅಂಕಪಟ್ಟಿಯೊಳಗೊಂದು, ಪಠ್ಯವಿವರದಾಗೊಂದು ಆಗಬಾರದು. ಮೊದಲ ಎರಡನ್ನೂ ಎದುರುಬದರು ಇಟ್ಟು ಓದ್ರಿ, ಆಮ್ಯಾಲೆ ಅನುವಾದಕರ ಸಹಿ ತಗೋರಿ.